ಚೀಲ ಖಾಲಿಯಾದ ಮೇಲೆ ಎದುರಾಳಿಯ ಟೈಲ್ ಓದುವುದು

ಕಲಬುರಗಿಯ ಜೇವರ್ಗಿ ಕಾಲೊನಿಯಲ್ಲಿ ಭಾನುವಾರ ಸಂಜೆ ನಾವು ಕೆಲವರು, ಚೀಲದಿಂದ ಅಕ್ಷರದ ಟೈಲ್ ತೆಗೆದು ಬೋರ್ಡ್ ಮೇಲೆ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಡ್ತೇವೆ. ನನ್ನ ಹತ್ತಿರ ಯಾವಾಗಲೂ ಒಂದು ಚೀಟಿ ಇರುತ್ತದೆ. ಅದರಲ್ಲಿ ಆಟದ 100 ಟೈಲ್‌ಗಳನ್ನೂ ಬರೆದಿರುತ್ತೇನೆ: ಇ 12, ಎ 9, ಐ 9, ಯು 4, ಎಸ್ 4, ಕ್ಯೂ 1, ಬ್ಲ್ಯಾಂಕ್ 2, ಹೀಗೆ. ಬೋರ್ಡ್ ಮೇಲೆ ಬಿದ್ದ ಟೈಲನ್ನು ಅಲ್ಲೇ ಹೊಡೆದು ಹಾಕುತ್ತೇನೆ. ಕೊನೆಗೆ ನನ್ನ ರ್‍ಯಾಕ್‌ನಲ್ಲಿ ಇರುವುದನ್ನೂ ಹೊಡೆದರೆ ಉಳಿದದ್ದೇ ಕಾಣದ ಟೈಲ್‌ಗಳು. ಚೀಲ ಖಾಲಿಯಾಗಿದ್ದರೆ ಅವೆಲ್ಲ ಎದುರಾಳಿಯ ಕೈಯಲ್ಲೇ ಇರಬೇಕು.

ಎಣಿಕೆ ಸರಿಬಂದರೂ ಅಕ್ಷರ ತಪ್ಪಿರಬಹುದು. ಯಾವ ಅಕ್ಷರವಾಗಿಯೂ ಆಡಬಹುದಾದ ಬ್ಲ್ಯಾಂಕನ್ನು ಎಸ್ ಅಂತ ಆಡಿದಾಗ ಬ್ಲ್ಯಾಂಕನ್ನೇ ಹೊಡೆಯಬೇಕು. ಎಸ್ ಹೊಡೆದರೆ ಒಟ್ಟು ಲೆಕ್ಕ ಸರಿಯಾಗೇ ಇರುತ್ತದೆ, ಆದರೆ ಎದುರಾಳಿ ಬಳಿ ಇಲ್ಲದ ಬ್ಲ್ಯಾಂಕ್ ಇದೆ ಅಂತ ನಂಬಿಬಿಡುತ್ತೀರಿ. ಅದಕ್ಕೇ ಕೊನೆಯಲ್ಲಿ ಬೋರ್ಡ್ ಮೇಲಿನ ಅಂಕಿ ಇಲ್ಲದ ಟೈಲ್‌ಗಳನ್ನು ಮತ್ತೊಮ್ಮೆ ನೋಡುತ್ತೇನೆ.

ಈಚಿನ ಒಂದು ಆಟ ಹೇಳುತ್ತೇನೆ. ಎದುರಿಗೆ ಕೂತವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಚೀಲ ಖಾಲಿ, ಸರದಿ ನನ್ನದು, ನಾನು 22 ಅಂಕ ಹಿಂದೆ. ನನ್ನ ಬಳಿ ಎಚ್, ಎ, ಆರ್, ಡಿ, ಟಿ. ಚೀಟಿಯಲ್ಲಿ ಉಳಿದದ್ದು ಕ್ಯೂ, ವಿ, ಇ, ಎನ್. ನಾಲ್ಕೂ ಯು ಬೋರ್ಡ್ ಮೇಲೆ ಸಿಕ್ಕಿಹಾಕಿಕೊಂಡಿದ್ದವು. ಕ್ಯೂ ಇಳಿಸಲು ಅವರಿಗೆ ಇದ್ದದ್ದು ಒಂದೇ ಜಾಗ: ತೆರೆದಿದ್ದ ಒಂದು ಐ ಪಕ್ಕದ ಮೂರು ಪಟ್ಟು ಅಕ್ಷರದ ಚೌಕ. ಕ್ಯೂ-ಐ ಎರಡಕ್ಷರದ ಪದ, ಅಲ್ಲಿ 31 ಅಂಕ.

'ಹಾರ್ಡ್' ಇಟ್ಟರೆ ನನಗೆ 24 ಸಿಗುತ್ತಿತ್ತು. ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆದರೆ ಅವರು 31 ತೆಗೆದುಕೊಳ್ಳುತ್ತಾರೆ. ಉಳಿದ ಟಿ ಇಟ್ಟು ನಾನು 8 ಗಳಿಸಿ ಮುಗಿಸಿದರೆ ಅವರ ಕೈಯಲ್ಲಿ ಉಳಿದ ವಿ, ಇ, ಎನ್ ಮೌಲ್ಯ 6, ಅದರ ಎರಡು ಪಟ್ಟು 12 ನನಗೆ. ಅಷ್ಟಾದರೂ 9 ಅಂಕದ ಸೋಲು.

ಅದಕ್ಕೆ ಆ ಚೌಕದಲ್ಲಿ ಬರೀ ಎಚ್ ಇಟ್ಟು 'ಹಾಯ್' ಮಾಡಿದೆ. 13 ಅಂಕ ಬಂತು, ಕ್ಯೂ ಅವರ ಕೈಯಲ್ಲೇ ಉಳಿಯಿತು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ನೆ ಬೋರ್ಡ್ ನೋಡಿದರು. ಆಮೇಲೆ ಉಳಿದ ಮೂರೂ ಟೈಲ್ ಇಟ್ಟು 14 ಪಡೆದರು. ನಾನು 'ಡಾರ್ಟ್' ಇಟ್ಟು 16 ಗಳಿಸಿ ಮುಗಿಸಿದೆ. ಕ್ಯೂ ಮೌಲ್ಯ 10, ಎರಡು ಪಟ್ಟು 20. 13 ಅಂಕದಿಂದ ಗೆದ್ದೆ. ಅವರು ನನ್ನ ಜಾಗ ಮುಚ್ಚಿದ್ದರೂ 10 ಸಿಗುವ ಇನ್ನೊಂದು ಜಾಗ ಇತ್ತು. ಎಚ್ ಇಡುವ ಮೊದಲೇ ಅದನ್ನು ನೋಡಿಟ್ಟುಕೊಂಡಿದ್ದೆ.

ಟೂರ್ನಮೆಂಟ್‌ಗಳಲ್ಲಿ ಹೀಗೆ ಎರಡು ಪಟ್ಟು ಕೊಡುತ್ತಾರೆ. ಮನೆಯಾಟದಲ್ಲಿ ಉಳಿದ ಟೈಲ್‌ಗಳ ಮೌಲ್ಯವನ್ನು ಒಬ್ಬರಿಂದ ಕಳೆದು ಇನ್ನೊಬ್ಬರಿಗೆ ಸೇರಿಸಿದರೂ ಅಂತರ ಅಷ್ಟೇ ಆಗುತ್ತದೆ.

ಚೀಲದಲ್ಲಿ ಒಂದು ಟೈಲ್ ಉಳಿದು ಎದುರಾಳಿ ಬಳಿ ಏಳಿದ್ದರೆ ಮಾತ್ರ ಇಷ್ಟು ಖಚಿತವಾಗಿ ಹೇಳಲಾಗದು. ಆಗ ಕಾಣದವು ಎಂಟು, ಕ್ಯೂ ಚೀಲದಲ್ಲೇ ಇರುವ ಸಾಧ್ಯತೆ ಎಂಟರಲ್ಲಿ ಒಂದು. ನಾನು ಒಂದು ಟೈಲ್ ಆಡಿದರೂ ಸಾಕು, ಆ ಕ್ಯೂ ನನ್ನ ಕೈಗೇ ಬರುತ್ತದೆ. ಅಂಥ ಹೊತ್ತಲ್ಲಿ ಐ ಪಕ್ಕದ ಜಾಗ ಮುಚ್ಚುವ ಮೊದಲು, ಕ್ಯೂ ನನಗೇ ಬಂದರೆ ಎಲ್ಲಿ ಇಡಲಿ ಅಂತ ನೋಡುತ್ತೇನೆ.