ಬರೀ ‘2.20+1.30’ ಅಂತ ಮೆಸೇಜ್ ಬಂದಾಗ: ಗೊಬ್ಬರದಂಗಡಿ ವಾಟ್ಸಾಪ್ ನೋಡಿಕೊಳ್ಳುವವನ ಅನುಭವ

ಗದಗ ಸೀಮೆಯಲ್ಲಿ ಬೀಜ-ಗೊಬ್ಬರದ ಅಂಗಡಿಯ ವಾಟ್ಸಾಪ್ ನಂಬರಿಗೆ ಬರುವ ಮೊದಲ ಮೆಸೇಜ್ ಬಹಳ ಸಲ ‘ನಮಸ್ಕಾರ’ವೂ ಅಲ್ಲ, ಹೆಸರೂ ಅಲ್ಲ. ಬರೀ ಒಂದು ಅಂಕಿ, ಇಲ್ಲವೇ ಒಂದು ಸಣ್ಣ ಲೆಕ್ಕ. ‘1’, ‘1350’, ‘2+2’, ‘15*10’, ‘2.20+1.30’. ಇದರಲ್ಲಿ ಯಾವುದು ನಂಬರ್ ಚಾಲ್ತಿ ಇದೆಯೇ ಎಂದು ನೋಡಲು ಹಾಕಿದ್ದು, ಯಾವುದು ನಿಜವಾದ ಲೆಕ್ಕ ಎಂದು ತಿಳಿಯದೆ ಉತ್ತರ ಕೊಟ್ಟರೆ ಬೀಜದ ತೂಕವೇ ತಪ್ಪುತ್ತದೆ. ನಾನು ಇದನ್ನು ಹೇಗೆ ಬೇರೆ ಮಾಡುತ್ತೇನೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಬೇಕು. ಮೆಸೇಜ್ ಕಳಿಸಿದವರ ಕೈಯಲ್ಲಿರುವ ಫೋನಿನಲ್ಲೇ ಕ್ಯಾಲ್ಕುಲೇಟರ್ ಇರುತ್ತದೆ. ಕೂಡಿಸಲು, ಗುಣಿಸಲು ಅವರಿಗೆ ನಾವು ಬೇಕಾಗಿಲ್ಲ. ಹಾಗಾಗಿ ಲೆಕ್ಕ ಸುಲಭವೋ ಕಷ್ಟವೋ ಎಂದು ನೋಡಿ ತೀರ್ಮಾನಿಸಿದರೆ ದಾರಿ ತಪ್ಪುತ್ತದೆ. ನಾನು ನೋಡುವುದು ಆ ಅಂಕಿಯ ಹಿಂದೆ ನಮ್ಮ ದಂಧೆಯ ಯಾವುದಾದರೂ ಅಳತೆ ನಿಂತಿದೆಯೇ ಎಂದು: ಎಕರೆ, ಗುಂಟೆ, ಚೀಲ, ಲೀಟರ್, ದರ. ನಿಂತಿದ್ದರೆ ಅದು ಲೆಕ್ಕ ಅಥವಾ ಬೇಡಿಕೆ. ಯಾವ ಅಳತೆಗೂ ಹೊಂದದಿದ್ದರೆ ಮಾತ್ರ ಪರೀಕ್ಷೆ.

ಬಿಡಿ ಅಂಕಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ‘1350’ ಎಂದು ಒಂದೇ ಬಂದರೆ ಡಿಎಪಿ ಚೀಲದ ದರ ಅದೇ ಇದೆಯಾ ಎಂಬ ಪ್ರಶ್ನೆ. ‘266.5*12’ ಬಂದರೆ ಅದನ್ನು ಯಾರೂ ಆಟಕ್ಕೆ ಬರೆಯುವುದಿಲ್ಲ. 45 ಕೆಜಿ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ, ಹನ್ನೆರಡು ಚೀಲಕ್ಕೆ 3198 ರೂಪಾಯಿ. ‘19 19 19’ ಅಥವಾ ‘13 0 45’ ಲೆಕ್ಕವೂ ಅಲ್ಲ, ಪರೀಕ್ಷೆಯೂ ಅಲ್ಲ, ನೀರಿನಲ್ಲಿ ಕರಗುವ ಗೊಬ್ಬರದ ಹೆಸರು. ಹೊಸಬರು ಕೌಂಟರಿಗೆ ಬಂದ ಮೊದಲ ವಾರ ಇದನ್ನು ಕೂಡಿಸಲು ಹೋಗುವುದುಂಟು. ವಾಟ್ಸಾಪಿನ ಒಂದು ಚೇಷ್ಟೆಯೂ ಇಲ್ಲಿ ಸೇರಿಕೊಳ್ಳುತ್ತದೆ. ಯಾರಾದರೂ ‘12 *45* 3’ ಎಂದು ನಕ್ಷತ್ರದ ಚಿಹ್ನೆಗಳನ್ನು ನಡುವಿನ ಅಂಕಿಗೆ ಅಂಟಿಸಿ ಬರೆದರೆ ಆ ಚಿಹ್ನೆಗಳು ಮಾಯವಾಗಿ ನಡುವಿನ 45 ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಓದುವವನಿಗೆ ಅದೂ ಒಂದು ಗೊಬ್ಬರದ ಹೆಸರಿನಂತೆ ಕಾಣುತ್ತದೆ. ನಡುವಿನ ಅಂಕಿ ಮಾತ್ರ ದಪ್ಪಗಿದ್ದರೆ ಅಲ್ಲಿ ಗುಣಾಕಾರದ ಚಿಹ್ನೆ ಇತ್ತು ಎಂದು ತಿಳಿಯಬೇಕು.

ಈಗ ತಲೆಬರಹದ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಅತಿ ಹೆಚ್ಚು ತಪ್ಪು ಉತ್ತರ ಹೋಗುವುದು ಇಂಥದ್ದಕ್ಕೇ. ‘2.20+1.30’ ಎಂದು ನೋಡಿದ ಕೂಡಲೇ ಕೈ ಕ್ಯಾಲ್ಕುಲೇಟರಿಗೆ ಹೋಗುತ್ತದೆ, 3.5 ಎಂದು ಬರುತ್ತದೆ, ಅದನ್ನೇ ಕಳಿಸುತ್ತಾರೆ. ಆದರೆ ಕಡಲೆ ಬಿತ್ತುವ ಹಂಗಾಮಿನಲ್ಲಿ ಬಂದ ಈ ಲೆಕ್ಕ ಬಹುತೇಕ ಹೊಲದ್ದು. 2 ಎಕರೆ 20 ಗುಂಟೆ ಒಂದು ತುಂಡು, 1 ಎಕರೆ 30 ಗುಂಟೆ ಇನ್ನೊಂದು ತುಂಡು. ಎಕರೆಗೆ 40 ಗುಂಟೆ. 20 ಮತ್ತು 30 ಕೂಡಿ 50 ಗುಂಟೆ, ಅಂದರೆ 1 ಎಕರೆ 10 ಗುಂಟೆ. ಎಲ್ಲ ಸೇರಿ 4 ಎಕರೆ 10 ಗುಂಟೆ, ದಶಮಾಂಶದಲ್ಲಿ ಹೇಳಿದರೆ 4.25 ಎಕರೆ. ಕ್ಯಾಲ್ಕುಲೇಟರಿನ ಉತ್ತರಕ್ಕೂ ಇದಕ್ಕೂ ಮುಕ್ಕಾಲು ಎಕರೆ ವ್ಯತ್ಯಾಸ. ಎಕರೆಗೆ 25 ಕೆಜಿ ಕಡಲೆ ಬೀಜದ ಲೆಕ್ಕ ಹಿಡಿದರೆ 4.25 ಎಕರೆಗೆ 106 ಕೆಜಿ ಚಿಲ್ಲರೆ ಬೇಕು, 3.5 ಎಕರೆಗೆ 87.5 ಕೆಜಿ. ಸುಮಾರು 19 ಕೆಜಿ ಬೀಜ ಕಡಿಮೆ ಬಿದ್ದು, ಕೂರಿಗೆ ಹೊಲದ ನಡುವೆ ನಿಲ್ಲುತ್ತದೆ. ಹಸಿ ಆರುವ ಎರೆ ಹೊಲದಲ್ಲಿ ಮರುದಿನ ಮತ್ತೆ ಬೀಜ ತರುತ್ತೇವೆ ಎನ್ನುವುದು ಸಣ್ಣ ಮಾತಲ್ಲ.

ಗುಂಟೆಯೋ ದಶಮಾಂಶವೋ ಎಂದು ಗುರುತಿಸಲು ಅಂಕಿಯಲ್ಲೇ ಸುಳಿವಿರುತ್ತದೆ. ದಶಮಾಂಶದಲ್ಲಿ ಯೋಚಿಸುವವರು 2.2 ಎಂದು ಬರೆಯುತ್ತಾರೆ, ಕೊನೆಯ ಸೊನ್ನೆ ಹಾಕುವುದಿಲ್ಲ. ಹೊಲದ ಉತಾರ, ಅಂದರೆ ಪಹಣಿ, ನೋಡಿ ಬರೆಯುವವರು 2.20 ಅಥವಾ 2-20 ಎಂದೇ ಬರೆಯುತ್ತಾರೆ, ಯಾಕೆಂದರೆ ಉತಾರದಲ್ಲಿ ಎಕರೆ, ಗುಂಟೆ, ಆಣೆ ಎಂದು ಬೇರೆ ಬೇರೆ ನಮೂದಾಗಿರುತ್ತದೆ. 2.05 ಎಂದಿದ್ದರೆ ಅದೂ ಹೆಚ್ಚುಕಡಿಮೆ ಗುಂಟೆಯೇ. ಚುಕ್ಕೆಯ ನಂತರ 40ಕ್ಕಿಂತ ದೊಡ್ಡದಿದ್ದರೆ, ಉದಾಹರಣೆಗೆ 2.75, ಅದು ಗುಂಟೆ ಆಗಲು ಸಾಧ್ಯವಿಲ್ಲ, ಎರಡೂ ಮುಕ್ಕಾಲು ಎಕರೆ. ನಿಜವಾಗಿ ಕಾಡುವುದು 2.5. ಎರಡೂವರೆ ಎಕರೆ ಎಂದರೆ ಬೀಜ 62.5 ಕೆಜಿ, 2 ಎಕರೆ 5 ಗುಂಟೆ ಎಂದರೆ 53 ಕೆಜಿ. ಇದನ್ನು ಊಹಿಸಿ ಉತ್ತರ ಕೊಡುವುದನ್ನು ನಾನು ಮಾಡುವುದಿಲ್ಲ.

ನಾನು ಕಳಿಸುವ ಉತ್ತರ ಹೀಗಿರುತ್ತದೆ: “2 ಎಕರೆ 20 ಗುಂಟೆ, 1 ಎಕರೆ 30 ಗುಂಟೆ ಕೂಡಿ 4 ಎಕರೆ 10 ಗುಂಟೆ ಆಗ್ತೈತ್ರೀ ಅಣ್ಣಾರ. ಹೊಲದ ಲೆಕ್ಕ ಹೌದಲ್ರೀ? ಬಿತ್ತೋದು ಏನು?” ಉತ್ತರವನ್ನು ಅಳತೆ ಸಮೇತ ಬಿಡಿಸಿ ಬರೆದಿರುವುದರಿಂದ ನನ್ನ ತಿಳುವಳಿಕೆ ತಪ್ಪಿದ್ದರೆ ಅವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. “ಅಲ್ರೀ, ರೊಕ್ಕದ ಲೆಕ್ಕ” ಎಂದರೆ ಅಲ್ಲಿಗೆ ಮುಗಿಯಿತು. ಬರೀ ‘4.10’ ಎಂದು ಕಳಿಸಿದರೆ ಮತ್ತೆ ಅದೇ ಗೊಂದಲ ಅವರ ಕಡೆ ಶುರುವಾಗುತ್ತದೆ. ಹೊಲದ ಲೆಕ್ಕವೇ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಕೇಳುತ್ತೇನೆ: ಇದರಲ್ಲಿ ಖರಾಬು ಸೇರಿದೆಯಾ? ಉತಾರದ ಒಟ್ಟು ಕ್ಷೇತ್ರದಲ್ಲಿ ಖರಾಬೂ ಇರುತ್ತದೆ, ಅಲ್ಲಿ ಬೀಜ ಬೀಳುವುದಿಲ್ಲ.

‘15*10’ ಬೇರೆ ಜಾತಿಯದು. ಇಲ್ಲಿ ಉತ್ತರ 150 ಎಂಬುದರಲ್ಲಿ ಅನುಮಾನವಿಲ್ಲ, ಅನುಮಾನ ಇರುವುದು 150 ಏನು ಎಂಬುದರಲ್ಲಿ. 15 ಲೀಟರ್ ಪಂಪು ಹತ್ತು ಸಲ ತುಂಬಿದರೆ 150 ಲೀಟರ್ ನೀರು. ಪಂಪಿಗೆ 15 ಎಂಎಲ್‌ನಂತೆ ಹತ್ತು ಪಂಪು ಎಂದರೆ 150 ಎಂಎಲ್ ಔಷಧ. ‘150’ ಎಂದು ಉತ್ತರ ಕಳಿಸಿದರೆ ಇಬ್ಬರೂ ಒಪ್ಪಿದಂತೆ ಕಾಣುತ್ತದೆ, ಆದರೆ ಒಬ್ಬರು ನೀರಿನ ಬಗ್ಗೆ, ಇನ್ನೊಬ್ಬರು ಔಷಧದ ಬಗ್ಗೆ ಮಾತಾಡಿರುತ್ತಾರೆ. ಮುಂದಿನ ಮೆಸೇಜಿನಲ್ಲಿ ‘19 19 19 ಎಷ್ಟು ಹಾಕ್ಲಿ’ ಎಂದು ಬಂದರೆ ಅದು ನೀರಿನ ಲೆಕ್ಕ ಎಂದು ತೀರ್ಮಾನವಾಗುತ್ತದೆ. ಲೀಟರಿಗೆ 5 ಗ್ರಾಂ ಹಿಡಿದರೆ 15 ಲೀಟರ್ ಪಂಪಿಗೆ 75 ಗ್ರಾಂ, ಹತ್ತು ಪಂಪಿಗೆ 750 ಗ್ರಾಂ. ಕೀಟನಾಶಕವಾಗಿದ್ದರೆ ಮಾತ್ರ ಡಬ್ಬಿಯ ಮೇಲಿನ ಚೀಟಿಯ ಫೋಟೋ ತರಿಸಿಕೊಳ್ಳದೆ ನಾನು ಪ್ರಮಾಣ ಬರೆಯುವುದಿಲ್ಲ. ಪಂಪು ಎಷ್ಟು ಲೀಟರಿನದು ಎಂದೂ ಕೇಳಬೇಕು, 16 ಮತ್ತು 20 ಲೀಟರಿನವೂ ಓಡಾಡುತ್ತಿವೆ.

ಇನ್ನು ನಿಜವಾದ ಪರೀಕ್ಷೆಗಳು. ‘1+1’, ‘2+2’, ‘5*5’: ಎರಡೂ ಬದಿಗೆ ಒಂದೇ ಅಂಕಿ, ಉತ್ತರ ಎಲ್ಲರಿಗೂ ಬಾಯಿಪಾಠ. ಇವು ಬಹುತೇಕ ಆ ಕಡೆ ಮನುಷ್ಯರಿದ್ದಾರೋ ಯಂತ್ರವೋ ಎಂದು ನೋಡಲು. ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು ಎಲ್ಲದಕ್ಕೂ ‘ಕನ್ನಡಕ್ಕೆ 1 ಒತ್ತಿ’ ಕೇಳಿ ಕೇಳಿ ಬೇಸತ್ತವರು ಹೀಗೆ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ‘5+3’ ಬಂದರೆ ನಿಲ್ಲುತ್ತೇನೆ. ಎರಡು ಬೇರೆ ಅಂಕಿ, ಎರಡೂ ಚಿಕ್ಕವು, ನಡುವೆ ಕೂಡಿಸುವ ಚಿಹ್ನೆ: ಐದು ಯೂರಿಯಾ, ಮೂರು ಡಿಎಪಿ ಆಗಿರಬಹುದು. ಮೂರು ಯೂರಿಯಾ, ಐದು ಡಿಎಪಿಯೂ ಆಗಿರಬಹುದು. “ಒಟ್ಟು 8 ರೀ. ಚೀಲದ ಲೆಕ್ಕ ಆದ್ರ ಯಾವುದು 5, ಯಾವುದು 3 ಹೇಳ್ರಿ” ಎಂದು ಕಳಿಸಿದರೆ ಪರೀಕ್ಷೆ ಮಾಡಿದವರಿಗೂ ಉತ್ತರ ಸಿಕ್ಕಿತು, ಗೊಬ್ಬರ ಕೇಳಿದವರಿಗೂ ಸಿಕ್ಕಿತು. ‘2+2’ಗೂ ನಾನು 4 ಎಂದೇ ಉತ್ತರಿಸಿ, ಅಂಗಡಿ ತೆರೆದಿದೆ ಎಂದು ಹೇಳಿ ಬಿಡುತ್ತೇನೆ. “ಏನ್ರೀ ಇದು?” ಎಂದು ಕೇಳುವುದು ಅನಾವಶ್ಯಕ, ಪರೀಕ್ಷೆ ಮಾಡಿದವರಿಗೆ ಅದು ಮುಜುಗರ.

ಒಂಟಿ ‘1’ ಮಾತ್ರ ನಾವೇ ಮಾಡಿಕೊಂಡ ತೊಂದರೆ ಇರಬಹುದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೊದಲ ಸಲ ಬರೆದವರಿಗೆ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಬರೆದವರಿಗೆ, ತಾನಾಗಿ ಒಂದು ಸ್ವಾಗತದ ಮೆಸೇಜ್ ಹೋಗುವಂತೆ ಇಡಬಹುದು. ಅದರಲ್ಲಿ ‘ಬೀಜಕ್ಕೆ 1, ಗೊಬ್ಬರಕ್ಕೆ 2’ ಎಂದು ಬರೆಯುವ ಅಂಗಡಿಗಳಿವೆ. ನಾನು ಅದಕ್ಕೆ ವಿರೋಧ. ಆ ಮೆಸೇಜ್ ಹೋದ ಮೇಲೆ ಬಂದ ‘2’ ಗೊಬ್ಬರವೋ, ಎರಡು ಚೀಲವೋ, ಎರಡು ಎಕರೆಯೋ ಯಾರಿಗೂ ತಿಳಿಯುವುದಿಲ್ಲ. ನಮ್ಮ ಸ್ವಾಗತದಲ್ಲಿ ಒಂದೂ ಅಂಕಿ ಇಲ್ಲ: “ಬೆಳೆ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ ಅಂತ ಬರೀರಿ, ಇಲ್ಲಾ ವಾಯ್ಸ್ ಹಾಕ್ರಿ.” ವಾಯ್ಸ್ ಹಾಕಿದವರಲ್ಲಿ ಈ ಗೊಂದಲವೇ ಬರುವುದಿಲ್ಲ, ಬಾಯಲ್ಲಿ ಯಾರೂ ‘ಎರಡು ಪಾಯಿಂಟ್ ಇಪ್ಪತ್ತು’ ಎನ್ನುವುದಿಲ್ಲ.

ಉದ್ದದ ಒಂಟಿ ಅಂಕಿಗಳನ್ನು ಎಣಿಸಿ ನೋಡಬೇಕು. ಆರು ಅಂಕಿ, 58ರಿಂದ ಶುರುವಾದರೆ ಪಿನ್ ಕೋಡ್ ಇರಬಹುದು, ಗದಗಿನದು 582101, ಹಾವೇರಿಯದು 581110. ಮಾಲು ಊರಿಗೆ ಕಳಿಸುತ್ತೀರಾ ಎಂದು ಕೇಳುತ್ತಿದ್ದಾರೆ. ಬೇರೆ ಅಂಕಿಯಿಂದ ಶುರುವಾದ ಆರಂಕಿ ಬಹುತೇಕ ಒಟಿಪಿ, ಯಾರಿಗೋ ಕಳಿಸುವುದು ನಮಗೆ ಬಂದಿದೆ. ಹನ್ನೆರಡು ಅಂಕಿ ಬಹುತೇಕ ಆಧಾರ್. ಗೊಬ್ಬರ ಕೊಡುವಾಗ ಪಿಒಎಸ್ ಮಷೀನಿಗೆ ಆಧಾರ್ ಬೇಕು ಎಂದು ಗೊತ್ತಿರುವವರು ಮುಂಚಿತವಾಗಿಯೇ ಕಳಿಸಿಬಿಡುತ್ತಾರೆ. ಈ ಎರಡಕ್ಕೂ ನಾನು ಅಂಕಿಯನ್ನು ಮರಳಿ ಬರೆಯುವುದಿಲ್ಲ, ಮುಂದೆ ಯಾರಿಗೂ ಕಳಿಸುವುದಿಲ್ಲ. “ಇದನ್ನ ಅಳಿಸ್ರಿ, ಎಲ್ಲರಿಗೂ ಅಳಿಸು ಅನ್ನೋದನ್ನ ಒತ್ರಿ. ಕಾರ್ಡು ಅಂಗಡಿಗೆ ಬರುವಾಗ ತರ್ರಿ” ಎಂದು ಕೂಡಲೇ ತಿಳಿಸುತ್ತೇನೆ. ಮೂರು ದಿನ ಬಿಟ್ಟು ಹೇಳಿದರೆ ಕಳಿಸಿದವರಿಗೆ ಹಾಗೆ ಅಳಿಸುವ ಅವಕಾಶ ಸಿಗುವುದಿಲ್ಲ, ಅದಕ್ಕೇ ಹಂಗಾಮಿನ ಗದ್ದಲದಲ್ಲೂ ಉದ್ದದ ಅಂಕಿಗಳನ್ನು ಮೊದಲು ತೆರೆದು ನೋಡುತ್ತೇನೆ.