ಸ್ಕ್ರೀನ್‌ಶಾಟ್ ಹಗುರ ಮಾಡಲು ಬಣ್ಣ ಎಣಿಸಿದ ಕಥೆ

ತುಮಕೂರಿನ ಒಂದು ಸಣ್ಣ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತೇನೆ. ಉಬುಂಟುವಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಒಂದು ಪುಟವನ್ನು ವಿದ್ಯಾರ್ಥಿಗಳಿಗಾಗಿ ಮಾಡಿದ್ದೆ. ಅದರಲ್ಲಿ 18 ಸ್ಕ್ರೀನ್‌ಶಾಟ್‌ಗಳಿದ್ದವು, ಎಲ್ಲಾ ಪಿಎನ್‌ಜಿ. ಕೇಂದ್ರದ ವೈಫೈನಲ್ಲಿ ಪುಟ ಥಟ್ಟನೆ ತೆರೆದುಕೊಳ್ಳುತ್ತಿತ್ತು. ಒಂದು ದಿನ ಪಾವಗಡ ಕಡೆಯ ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಮೊಬೈಲ್ ಹಿಡಿದುಕೊಂಡು ಬಂದಳು.

“ಸಾರ್, ನಮ್ಮೂರಲ್ಲಿ ಫೋಟೋ ಅರ್ಧ ಬಂದು ನಿಂತೋಗುತ್ತೆ. ಕೆಳಗಡೆ ಬಟನ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.”

“ಎಷ್ಟು ಹೊತ್ತು ಕಾದ್ಯಮ್ಮಾ?”

“ಎರಡು ನಿಮಿಷದ ಮೇಲೇ ಆಯ್ತು ಸಾರ್.”

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. 18 ಚಿತ್ರಗಳ ಒಟ್ಟು ತೂಕ 3.4 ಎಂಬಿ. ಸೆಕೆಂಡಿಗೆ 25 ಕೆಬಿ ಮಾತ್ರ ಬರುವ ಕಡೆ ಅಷ್ಟು ಇಳಿಯಲು ಎರಡು ಕಾಲು ನಿಮಿಷ ಬೇಕು. ಪಿಎನ್‌ಜಿ ಸಾಮಾನ್ಯವಾಗಿ ಮೇಲಿನ ಸಾಲಿನಿಂದ ಕೆಳಗೆ ಬಿಡಿಸಿಕೊಳ್ಳುತ್ತದೆ. ನನ್ನ ಚಿತ್ರಗಳಲ್ಲಿ ಒತ್ತಬೇಕಾದ ಬಟನ್ ಬಹುತೇಕ ಕೆಳಗಡೆಯೇ ಇರುತ್ತಿತ್ತು.

ಮೊದಲು ಮಾಡಿದ ಕೆಲಸ ತಪ್ಪು. ಚಿತ್ರ ಚಿಕ್ಕದಾದರೆ ಫೈಲೂ ಚಿಕ್ಕದಾಗುತ್ತದೆ ಅಂದುಕೊಂಡು 980 ಪಿಕ್ಸೆಲ್ ಅಗಲದ ಒಂದು ಚಿತ್ರವನ್ನು 800ಕ್ಕೆ ಇಳಿಸಿದೆ. ಅಕ್ಷರ ಮಸುಕಾಯಿತು, ಫೈಲ್ ಮಾತ್ರ ಮೊದಲಿಗಿಂತ ಸ್ವಲ್ಪ ದೊಡ್ಡದೇ ಆಯಿತು. ಹೀಗೇಕೆ ಆಯಿತು ಅಂತ ಹುಡುಕುತ್ತಾ ಹೋದಾಗಲೇ ವಿಷಯ ತಿಳಿದದ್ದು. ಸ್ಕ್ರೀನ್‌ಶಾಟ್‌ನ ತೂಕದಲ್ಲಿ ಅಳತೆಗಿಂತ ಜಾಸ್ತಿ ಲೆಕ್ಕಕ್ಕೆ ಬರುವುದು ಅದರಲ್ಲಿ ಎಷ್ಟು ಬೇರೆ ಬೇರೆ ಬಣ್ಣಗಳಿವೆ ಅನ್ನುವುದು. ಚಿತ್ರವನ್ನು ಕುಗ್ಗಿಸುವಾಗ ಪಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು, ಮೊದಲು ಇಲ್ಲದೇ ಇದ್ದ ಸಾವಿರಾರು ನಡುಬಣ್ಣಗಳು ಹುಟ್ಟುತ್ತವೆ.

ಏಳನೇ ಹೆಜ್ಜೆಯ ಚಿತ್ರವನ್ನೇ ತೆಗೆದುಕೊಂಡು ಹೇಳುತ್ತೇನೆ. ಅದು ಸೆಟ್ಟಿಂಗ್ಸ್ ಕಿಟಕಿಯಲ್ಲಿ ಕೀಬೋರ್ಡ್ ಭಾಗ ತೆರೆದು, ಕನ್ನಡದ ಕಗಪ ವಿನ್ಯಾಸ ಆರಿಸುವ ಜಾಗ. ಅಳತೆ 980 × 640, ಫೈಲ್ 86 ಕೆಬಿ. ಮೊದಲು ಅದರ ಒಳಗೆ ಏನಿದೆ ಅಂತ ನೋಡಿದೆ:

```
file hejje-07.png
identify -format "%k\n" hejje-07.png
```

`identify` ಬರುವುದು ಇಮೇಜ್‌ಮ್ಯಾಜಿಕ್ ಜೊತೆ. ಮೊದಲ ಕಮಾಂಡ್ ಇದು ಆರ್‌ಜಿಬಿಎ ಚಿತ್ರ ಅಂತ ಹೇಳಿತು. ಅಂದರೆ ಪ್ರತಿ ಪಿಕ್ಸೆಲ್‌ಗೂ 4 ಬೈಟ್: ಕೆಂಪು, ಹಸಿರು, ನೀಲಿ, ಜೊತೆಗೆ ಪಾರದರ್ಶಕತೆಗೆ ಒಂದು. ಇಡೀ ಚಿತ್ರದಲ್ಲಿ ಪಾರದರ್ಶಕ ಜಾಗವೇ ಇರಲಿಲ್ಲ, ಆ ನಾಲ್ಕನೇ ಬೈಟ್ ಸುಮ್ನೆ ಕೂತಿತ್ತು. ಎರಡನೇ ಕಮಾಂಡ್ ಬಣ್ಣ ಎಣಿಸಿ 1,742 ಅಂತ ತೋರಿಸಿತು. ಆಮೇಲೆ ಪಿಎನ್‌ಜಿ ಹಗುರ ಮಾಡುವ ಆಪ್ಟಿಪಿಎನ್‌ಜಿ ಅನ್ನುವ ಸಾಧನ ಓಡಿಸಿದೆ:

```
mkdir sanna
optipng -o5 -strip all -dir sanna hejje-07.png
```

86 ಕೆಬಿ ಇದ್ದದ್ದು 64ಕ್ಕೆ ಇಳಿಯಿತು. ಬೇಡದ ನಾಲ್ಕನೇ ಬೈಟ್ ತೆಗೆದು, ಸಾಲುಗಳನ್ನು ಒತ್ತುವ ಬೇರೆ ಬೇರೆ ವಿಧಾನಗಳನ್ನು ಪ್ರಯತ್ನಿಸಿ, ಎಲ್ಲಕ್ಕಿಂತ ಚಿಕ್ಕದಾದದ್ದನ್ನು ಅದು ಉಳಿಸಿಕೊಳ್ಳುತ್ತದೆ. ಒಂದು ಪಿಕ್ಸೆಲ್‌ನ ಬಣ್ಣವನ್ನೂ ಬದಲಿಸುವುದಿಲ್ಲ. ಒಳ್ಳೆಯದೇ. ಆದರೆ ನಾನು ಓದಿಕೊಂಡ ಪ್ರಕಾರ ಇನ್ನೂ ಒಂದು ದೊಡ್ಡ ಉಳಿತಾಯ ಬಾಕಿ ಇತ್ತು, ಅದು ಈ ಚಿತ್ರಕ್ಕೆ ಸಿಗಲೇ ಇಲ್ಲ.

ಚಿತ್ರದಲ್ಲಿ ಒಟ್ಟು 256 ಅಥವಾ ಅದಕ್ಕಿಂತ ಕಡಿಮೆ ಬಣ್ಣ ಇದ್ದರೆ ಪಿಎನ್‌ಜಿ ಅವುಗಳ ಒಂದು ಪಟ್ಟಿ ಮಾಡಿ ಫೈಲ್‌ನ ತಲೆಯ ಹತ್ತಿರ ಇಡಬಹುದು. ಇದನ್ನೇ ಪ್ಯಾಲೆಟ್ ಅನ್ನುವುದು. ಆಮೇಲೆ ಪ್ರತಿ ಪಿಕ್ಸೆಲ್‌ಗೆ ಪಟ್ಟಿಯ ಕ್ರಮಸಂಖ್ಯೆ ಬರೆದರೆ ಸಾಕು, ಅದಕ್ಕೆ 1 ಬೈಟ್. ಬಣ್ಣಗಳು ಇದ್ದದ್ದು ಇದ್ದ ಹಾಗೇ ಇರುತ್ತವೆ. 257 ಆಯಿತೋ, ಈ ದಾರಿ ಮುಚ್ಚಿತು.

ನಾಲ್ಕು ಬೈಟ್ ಒಂದಾಗುವುದರಿಂದ ಆಗುವ ಲಾಭ ಅಷ್ಟಕ್ಕೇ ಮುಗಿಯುವುದಿಲ್ಲ. ಪಿಎನ್‌ಜಿ ಒಳಗೆ ಕೆಲಸ ಮಾಡುವುದು ಡಿಫ್ಲೇಟ್ ವಿಧಾನ. ಈಗ ಬರೆಯುತ್ತಿರುವ ತುಣುಕು ಹಿಂದೆಯೇ ಎಲ್ಲಾದರೂ ಬಂದಿದ್ದರೆ “ಇಷ್ಟು ಹಿಂದೆ ಹೋಗಿ ಇಷ್ಟು ಬೈಟ್ ತಗೋ” ಅಂತ ಗುರುತು ಹಾಕಿ ಜಾಗ ಉಳಿಸುತ್ತದೆ. ಆದರೆ ಅದು ಹಿಂದಿರುಗಿ ನೋಡುವುದು 32 ಕೆಬಿವರೆಗೆ ಮಾತ್ರ. ನನ್ನ ಚಿತ್ರದ ಒಂದು ಸಾಲಿಗೆ 4 ಬೈಟ್ ಲೆಕ್ಕದಲ್ಲಿ 3,921 ಬೈಟ್ ಬೇಕು, ಹಾಗಾಗಿ ಅದಕ್ಕೆ ಹಿಂದಿನ 8 ಸಾಲು ಕಾಣುತ್ತದೆ, ಅಷ್ಟೇ. ಪ್ಯಾಲೆಟ್ ಆದರೆ ಸಾಲಿಗೆ 981 ಬೈಟ್. ಆಗ 33 ಸಾಲು ಕಾಣುತ್ತದೆ. ಒತ್ತಕ್ಷರ ಸೇರಿ ನನ್ನ ಪರದೆಯಲ್ಲಿ ಕನ್ನಡದ ಒಂದು ಸಾಲಿನ ಎತ್ತರ ಸುಮಾರು 24 ಪಿಕ್ಸೆಲ್. ಅಂದರೆ ತಲೆಕಟ್ಟಿನಿಂದ ಒತ್ತಿನವರೆಗೆ ಇಡೀ ಅಕ್ಷರ ಆ 32 ಕೆಬಿ ಒಳಗೆ ಹಿಡಿಸುತ್ತದೆ.

ಹಾಗಾದರೆ ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಒಂದೆರಡು ಕಿತ್ತಳೆ ಬಟನ್ ಇರುವ ಕಿಟಕಿಯಲ್ಲಿ 1,742 ಬಣ್ಣ ಎಲ್ಲಿಂದ ಬಂತು? ಚಿತ್ರವನ್ನು ಗಿಂಪ್‌ನಲ್ಲಿ ತೆರೆದು 800% ದೊಡ್ಡದು ಮಾಡಿ ‘ಕನ್ನಡ’ ಅನ್ನುವ ಪದವನ್ನು ನೋಡಿದೆ. ಪ್ರತಿ ಅಕ್ಷರದ ಎಡ ಅಂಚಿನಲ್ಲಿ ಕೆಂಪು ಛಾಯೆ, ಬಲ ಅಂಚಿನಲ್ಲಿ ನೀಲಿ ಛಾಯೆ. ಎಲ್‌ಸಿಡಿ ಪರದೆಯಲ್ಲಿ ಅಕ್ಷರ ನುಣುಪಾಗಿ ಕಾಣಲಿ ಅಂತ ಸಿಸ್ಟಮ್ ಹೀಗೆ ಬಣ್ಣ ಸೇರಿಸುತ್ತದೆ. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಮಾಡುವುದೂ ಇದನ್ನೇ. ಕನ್ನಡದ ಅಕ್ಷರಗಳು ದುಂಡಗೆ ಇರುವುದರಿಂದ ಅಂಚು ಒಂದೊಂದು ಪಿಕ್ಸೆಲ್ ಅನ್ನೂ ಒಂದೊಂದು ಕೋನದಲ್ಲಿ ಹಾದುಹೋಗುತ್ತದೆ. ಅಷ್ಟೂ ಕಡೆ ಬೇರೆ ಬೇರೆ ಛಾಯೆ. ಇನ್ನೊಬ್ಬರ ಮೊಬೈಲ್‌ನಲ್ಲಿ ಈ ಛಾಯೆಗಳಿಂದ ಯಾವ ಉಪಯೋಗವೂ ಇಲ್ಲ. ಅವು ನನ್ನ ಪರದೆಗೆಂದು ಮಾಡಿದವು.

ಹಾಗಾಗಿ ಅದನ್ನು ಬೂದು ಛಾಯೆಗೆ ಬದಲಿಸಿದೆ:

```
gsettings set org.gnome.desktop.interface font-antialiasing 'grayscale'
```

ಸೆಟ್ಟಿಂಗ್ಸ್ ಕಿಟಕಿ ಮುಚ್ಚಿ, ಮತ್ತೆ ತೆರೆದು, ಅದೇ ಜಾಗದ ಚಿತ್ರ ತೆಗೆದೆ. ಕಿಟಕಿಯ ಹೊರಗಿನ ನೆರಳು ಬರದ ಹಾಗೆ ಒಳಭಾಗವನ್ನಷ್ಟೇ ಚೌಕ ಎಳೆದು ಆರಿಸಿದೆ, ಯಾಕೆಂದರೆ ನೆರಳು ಅಂದರೆ ಮತ್ತೆ ಹತ್ತಾರು ಛಾಯೆಗಳು. ಬಣ್ಣ ಎಣಿಸಿದರೆ 219. ಫೈಲ್ 66 ಕೆಬಿ ಇತ್ತು. ಅದೇ ಆಪ್ಟಿಪಿಎನ್‌ಜಿ ಕಮಾಂಡ್ ಕೊಟ್ಟೆ. ಈ ಸಲ ಪ್ಯಾಲೆಟ್‌ಗೆ ಬದಲಿಸುತ್ತಿದ್ದೇನೆ ಅನ್ನುವ ಸಾಲು ಪರದೆಯ ಮೇಲೆ ಬಂತು, ಫೈಲ್ 31 ಕೆಬಿಗೆ ಇಳಿಯಿತು. ಅಕ್ಷರ ಮೊದಲಿನಷ್ಟೇ ಚೂಪು.

ಕಣ್ಣನ್ನು ಮಾತ್ರ ನಂಬಬಾರದು ಅಂತ ಪ್ರತಿ ಚಿತ್ರವನ್ನೂ ಹಳೆಯದರ ಜೊತೆ ಹೋಲಿಸುತ್ತೇನೆ:

```
compare -metric AE hejje-07.png sanna/hejje-07.png null:
```

ಉತ್ತರ `0` ಬಂದರೆ ಒಂದು ಪಿಕ್ಸೆಲ್ ಕೂಡ ಬದಲಾಗಿಲ್ಲ ಅಂತ. ಬೇರೆ ಯಾವುದಾದರೂ ಸಂಖ್ಯೆ ಬಂದರೆ ಅಷ್ಟು ಪಿಕ್ಸೆಲ್ ಬದಲಾಗಿವೆ. ಪಿಎನ್‌ಜಿಕ್ವಾಂಟ್ ಅನ್ನುವ ಸಾಧನವೂ ಪ್ಯಾಲೆಟ್ ಮಾಡುತ್ತದೆ, ಫೈಲ್ ಇನ್ನೂ ಚಿಕ್ಕದಾಗುತ್ತದೆ. ಆದರೆ ಅದು ಹೆಚ್ಚಿನ ಬಣ್ಣಗಳನ್ನು ಹತ್ತಿರದ ಬಣ್ಣಕ್ಕೆ ಸೇರಿಸಿ 256ಕ್ಕೆ ತರುತ್ತದೆ, ಅಲ್ಲಿ ಸೊನ್ನೆ ಬರುವುದಿಲ್ಲ. ಪಾಠದ ಚಿತ್ರಗಳಿಗೆ ನಾನು ಅದನ್ನು ಬಳಸಲಿಲ್ಲ. ಬೂದು ಬಣ್ಣದ ಬಟನ್ ‘ಈಗ ಒತ್ತಲಾಗದು’ ಅಂತ ತೋರಿಸುವ ಸಣ್ಣ ವ್ಯತ್ಯಾಸ ಕೂಡ ನನ್ನ ವಿದ್ಯಾರ್ಥಿಗಳಿಗೆ ಬೇಕು.

ಉಳಿದ ಚಿತ್ರಗಳು ಇದೇ ದಾರಿಯಲ್ಲಿ ಹೋದವು. ತೊಂದರೆ ಕೊಟ್ಟದ್ದು ಮೊದಲನೆಯದು ಮತ್ತು ಕೊನೆಯದು. ಎರಡರಲ್ಲೂ ಇಡೀ ಡೆಸ್ಕ್‌ಟಾಪ್ ಇತ್ತು, ಹಿಂದೆ ದೇವರಾಯನದುರ್ಗದ ಬೆಟ್ಟದ ಫೋಟೋ. ನಾನೇ ಒಂದು ಬೆಳಗ್ಗೆ ಮಂಜಿನಲ್ಲಿ ತೆಗೆದದ್ದು. ಮೊದಲನೆಯದರ ತೂಕ 1.3 ಎಂಬಿ. `-o7` ಕೊಟ್ಟು ತುಂಬಾ ಹೊತ್ತು ಕಾದರೂ ಕಡಿಮೆಯಾದದ್ದು ನೂರಕ್ಕೆ 4ರಷ್ಟು. ಮಂಜು, ಕಲ್ಲು, ಎಲೆ ಇರುವ ಫೋಟೋದಲ್ಲಿ ಒಂದು ತುಣುಕು ಇನ್ನೊಂದರ ಹಾಗೆ ಇರುವುದೇ ಇಲ್ಲ, ಹಾಗಾಗಿ ಡಿಫ್ಲೇಟ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ. ಪಿಕ್ಸೆಲ್ ಬದಲಿಸದ ಯಾವ ಪಿಎನ್‌ಜಿ ಸಾಧನ ತಂದರೂ ಇಲ್ಲಿ ಹೆಚ್ಚುಕಡಿಮೆ ಅಷ್ಟೇ. ಹಿನ್ನೆಲೆಯನ್ನು ಒಂದೇ ಕಡುನೀಲಿ ಮಾಡಿ ಮತ್ತೆ ತೆಗೆದೆ, 44 ಕೆಬಿ ಆಯಿತು.

ಗೆಳೆಯನೊಬ್ಬ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದ ಸ್ಕ್ರೀನ್‌ಶಾಟ್ ಕೂಡ ಹೀಗೇ ಕೈಕೊಟ್ಟಿತು. ಅದು ದಾರಿಯಲ್ಲಿ ಜೆಪೆಗ್ ಆಗಿ ಬಂದಿತ್ತು. ಅಕ್ಷರದ ಸುತ್ತ ಧೂಳು ಕೂತ ಹಾಗೆ ಚುಕ್ಕೆಗಳು. ಅದನ್ನು ಪಿಎನ್‌ಜಿಗೆ ಬದಲಿಸಿದರೆ ಆ ಚುಕ್ಕೆಗಳನ್ನೂ ನಿಷ್ಠೆಯಿಂದ ಉಳಿಸಿಕೊಂಡು ಫೈಲ್ ಊದಿಕೊಳ್ಳುತ್ತದೆ. ಈಗ “ಡಾಕ್ಯುಮೆಂಟ್ ಆಗಿ ಕಳಿಸಪ್ಪಾ” ಅಂತ ಕೇಳಿ ಮೂಲ ಫೈಲನ್ನೇ ತರಿಸಿಕೊಳ್ಳುತ್ತೇನೆ.

ಅವನೇ ಆಮೇಲೆ ಮ್ಯಾಕ್‌ನಿಂದ ಮೂಲ ಫೈಲ್ ಕಳಿಸಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹೋಲಿಕೆಯಲ್ಲಿ ಸೊನ್ನೆ ಬಂದಿತ್ತು, ಆದರೂ ಬ್ರೌಸರ್‌ನಲ್ಲಿ ಹೊಸ ಚಿತ್ರದ ಕೆಂಪು ಸ್ವಲ್ಪ ಮಂಕಾಗಿ ಕಾಣುತ್ತಿತ್ತು. ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಬದಲಾಗಿದ್ದು ನಿಜ. ಮ್ಯಾಕ್ ತನ್ನ ಪರದೆಯ ಬಣ್ಣ ಹೇಗೆ ಅನ್ನುವ ಒಂದು ಪ್ರೊಫೈಲನ್ನು ಫೈಲ್ ಒಳಗೆ ಇಟ್ಟಿರುತ್ತದೆ. `-strip all` ಅದನ್ನೂ ಕಿತ್ತುಹಾಕಿತ್ತು. ಪಿಕ್ಸೆಲ್ ಸಂಖ್ಯೆಗಳು ಅವೇ, ಅವನ್ನು ಬ್ರೌಸರ್ ಓದುವ ರೀತಿ ಬೇರೆ. ಅಂಥ ಫೈಲ್‌ಗಳಿಗೆ ಈಗ ಆಕ್ಸಿಪಿಎನ್‌ಜಿ ಬಳಸುತ್ತೇನೆ:

```
oxipng -o 4 --strip safe --dir sanna mac-01.png
```

`safe` ಅಂದರೆ ಚಿತ್ರ ಕಾಣುವ ರೀತಿಗೆ ಸಂಬಂಧಪಟ್ಟ ಮಾಹಿತಿ ಉಳಿಯುತ್ತದೆ, ಸಾಫ್ಟ್‌ವೇರ್ ಹೆಸರು, ದಿನಾಂಕ ಇಂಥವು ಹೋಗುತ್ತವೆ. `--dir` ಕೊಡುವುದನ್ನು ಮರೆತರೆ ಇದು ಮೂಲ ಫೈಲ್ ಮೇಲೆಯೇ ಬರೆಯುತ್ತದೆ, ಹೋಲಿಸಲು ಹಳೆಯದು ಉಳಿಯುವುದಿಲ್ಲ.

18 ಚಿತ್ರಗಳು ಸೇರಿ ಈಗ 610 ಕೆಬಿ. ಸೆಕೆಂಡಿಗೆ 25 ಕೆಬಿ ಲೆಕ್ಕದಲ್ಲಿ 25 ಸೆಕೆಂಡೂ ಬೇಡ. ಪುಟದಲ್ಲಿ ಪ್ರತಿ ಚಿತ್ರಕ್ಕೂ `loading="lazy"` ಸೇರಿಸಿದೆ, ಅದರಿಂದ ಕೆಳಗಿನ ಚಿತ್ರಗಳು ಓದುವವರು ಹತ್ತಿರ ಬಂದಾಗಲೇ ಇಳಿಯುತ್ತವೆ. ಮುಂದಿನ ವಾರ ಆ ಹುಡುಗಿ ಬಂದಾಗ ಕೇಳಿದೆ. ಬಸ್ಸಿನಲ್ಲಿ ಬರುತ್ತಲೇ ಏಳನೇ ಹೆಜ್ಜೆ ಮುಗಿಸಿ, ಎಂಟನೆಯದರಲ್ಲಿ ಅರ್ಕಾವತ್ತು ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆ ಹಿಡಿದುಕೊಂಡು ಬಂದಿದ್ದಳು.