ಎಸ್‌ಡಿಎ ಹುದ್ದೆ: ಮೂಲ ದಾಖಲೆ ಪರಿಶೀಲನೆಗೆ ಹೋಗುವ ಮುನ್ನ

ದ್ವಿತೀಯ ದರ್ಜೆ ಸಹಾಯಕರ ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ಮೇಲೆ, ಇಂಥ ದಿನ ಮೂಲ ದಾಖಲೆಗಳೊಂದಿಗೆ ಹಾಜರಾಗಿ ಎಂದು ಇಲಾಖೆಯ ಸಿಬ್ಬಂದಿ ಶಾಖೆಯಿಂದ ಪತ್ರ ಬರುತ್ತದೆ. ಅಲ್ಲಿನ ವಿಷಯ ನಿರ್ವಾಹಕರ ಕೈಯಲ್ಲಿ ನಿಮ್ಮ ಅರ್ಜಿಯ ಪ್ರತಿ ಇರುತ್ತದೆ. ಅರ್ಜಿಯಲ್ಲಿ ನೀವು ಹೇಳಿಕೊಂಡ ಒಂದೊಂದು ಸಂಗತಿಗೂ ಕಾಗದ ಇದೆಯೇ ಎಂದು ಅವರು ಗುರುತು ಹಾಕುತ್ತಾ ಹೋಗುತ್ತಾರೆ. ಆದ್ದರಿಂದ ಮೊದಲ ಕೆಲಸ, ಅರ್ಜಿಯನ್ನು ಮುದ್ರಿಸಿಕೊಂಡು ಪಕ್ಕದಲ್ಲಿಟ್ಟುಕೊಳ್ಳುವುದು. ದಾಖಲೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿ.

ಒಂದು ಉದಾಹರಣೆ ಹಿಡಿಯೋಣ. ಅಭ್ಯರ್ಥಿ ಪ್ರವರ್ಗ 2ಎಗೆ ಸೇರಿದ, ಮದುವೆಯಾಗಿರುವ ಹೆಣ್ಣುಮಗಳು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಎರಡನ್ನೂ ಕೋರಿದ್ದಾರೆ.

ವಿದ್ಯಾರ್ಹತೆಯ ಕಾಗದಗಳಲ್ಲಿ ತೊಡಕು ಕಡಿಮೆ. ಜನ್ಮ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಅದರ ಜೊತೆಗೆ ಪಿಯುಸಿ ಅಂಕಪಟ್ಟಿ, ಅರ್ಜಿಯಲ್ಲಿ ಪದವಿ ನಮೂದಿಸಿದ್ದರೆ ಅದರ ಎಲ್ಲ ಅಂಕಪಟ್ಟಿಗಳು ಮತ್ತು ಘಟಿಕೋತ್ಸವ ಪ್ರಮಾಣಪತ್ರ ಇಟ್ಟುಕೊಳ್ಳಿ. ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಉಬ್ಬು ಮುದ್ರೆ ಮುಟ್ಟಿ ನೋಡಲು ಆಗುವುದಿಲ್ಲ. ಡಿಜಿಲಾಕರ್ ಪ್ರತಿಗೆ ಕಾನೂನಿನ ಮಾನ್ಯತೆ ಇದ್ದರೂ ಕಾಗದದ ಮೂಲವನ್ನೇ ಕೇಳುವ ಕಚೇರಿಗಳಿವೆ. ವಾದಕ್ಕೆ ನಿಲ್ಲುವುದಕ್ಕಿಂತ ಎರಡನ್ನೂ ಒಯ್ಯುವುದು ಸುಲಭ.

ಎಡವುವುದೆಲ್ಲ ಮೀಸಲಾತಿಯ ಕಾಗದಗಳಲ್ಲಿ. 2ಎ ಅಭ್ಯರ್ಥಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಮೂನೆ ‘ಎಫ್’ನಲ್ಲಿ ಇರಬೇಕು. ಅದರ ಆಯಸ್ಸು 5 ವರ್ಷ. ಪರಿಶೀಲನೆಯ ದಿನ ಅದು ಚಾಲ್ತಿಯಲ್ಲಿದ್ದರೆ ಸಾಕು ಎಂದು ಹಲವರು ತಿಳಿದಿರುತ್ತಾರೆ. ಆದರೆ ಅಧಿಕಾರಿ ನೋಡುವುದು ಅರ್ಜಿ ಸಲ್ಲಿಕೆಯ ಕೊನೇ ದಿನವನ್ನು. ನಮ್ಮ ಅಭ್ಯರ್ಥಿಯ ಪ್ರಮಾಣಪತ್ರ ಅರ್ಜಿ ಹಾಕಿದಾಗ ಸಿಂಧುವಾಗಿದ್ದು ಈಚೆಗೆ ಅವಧಿ ಮುಗಿದಿದೆ ಎಂದುಕೊಳ್ಳಿ. ಅವರು ನಾಡಕಚೇರಿಯಿಂದ ಹೊಸದನ್ನು ಮಾಡಿಸಿಕೊಂಡು ಹಳೆಯದನ್ನು ಮನೆಯಲ್ಲೇ ಬಿಟ್ಟು ಹೋದರೆ, ಕೊನೇ ದಿನಾಂಕದ ನಂತರದ ಕಾಗದವೆಂದು ಆಕ್ಷೇಪ ಬೀಳುತ್ತದೆ. ಅರ್ಜಿಯಲ್ಲಿ ಬರೆದ ಆರ್‌ಡಿ ಸಂಖ್ಯೆಯ ಹಳೆಯ ಪ್ರಮಾಣಪತ್ರವೇ ಅಲ್ಲಿ ಮುಖ್ಯ. ಮದುವೆಯಾಗಿದ್ದರೂ ಅದರಲ್ಲಿ ತಂದೆಯ ಹೆಸರೇ ಇರಬೇಕು, ಜಾತಿ ಹುಟ್ಟಿನಿಂದ ಬರುವುದು ತಾನೆ.

ಗ್ರಾಮೀಣ ಮೀಸಲಾತಿಗೆ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ನಮೂನೆ-2ಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ನಮ್ಮ ಅಭ್ಯರ್ಥಿ ಏಳನೆಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಎಂಟರಿಂದ ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಓದಿದವರು. ಪ್ರೌಢಶಾಲೆಯ ಪತ್ರವೊಂದನ್ನೇ ತಂದರೆ ಮೂರು ವರ್ಷಕ್ಕೆ ಮಾತ್ರ ಲೆಕ್ಕ ಸಿಗುತ್ತದೆ, ಉಳಿದ ಏಳು ವರ್ಷ ಖಾಲಿ. ಎರಡು ಶಾಲೆಗೆ ಎರಡು ಪತ್ರ ಬೇಕು. ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೂ ಇದೇ ಲೆಕ್ಕ. ಸಾಮಾನ್ಯ ಅರ್ಹತೆಯವರಾಗಿದ್ದು ಗ್ರಾಮೀಣ ಮೀಸಲಾತಿ ಕೇಳಿದ್ದರೆ, ಮೇಲುಸ್ತರಕ್ಕೆ ಸೇರಿಲ್ಲವೆಂಬ ನಮೂನೆ-1 ಕೂಡ ಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಹುದ್ದೆಯಾದರೆ ಉಪವಿಭಾಗಾಧಿಕಾರಿ ಕೊಟ್ಟ 371-ಜೆ ಅರ್ಹತಾ ಪತ್ರವನ್ನು ಮರೆಯಬೇಡಿ.

ಇನ್ನು ಹೆಸರಿನ ವಿಚಾರ. ಎಸ್ಸೆಸ್ಸೆಲ್ಸಿಯಲ್ಲಿ ‘ಸುನೀತಾ ಎಂ.’ ಎಂದಿದ್ದು ಆಧಾರ್‌ನಲ್ಲಿ ಗಂಡನ ಹೆಸರು ಸೇರಿಕೊಂಡಿದ್ದರೆ, ಇಬ್ಬರೂ ಒಬ್ಬರೇ ಎಂದು ಹೇಳುವ ನೋಟರಿ ಪ್ರಮಾಣಪತ್ರ ಮತ್ತು ವಿವಾಹ ನೋಂದಣಿ ಪತ್ರ ಜೊತೆಗಿರಲಿ. ಬೇರೆ ಸರ್ಕಾರಿ ಕೆಲಸದಲ್ಲಿದ್ದವರು ನಿರಾಕ್ಷೇಪಣಾ ಪತ್ರ ತರಬೇಕು.

ಎಲ್ಲದರ ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಪ್ರತಿ ಪುಟಕ್ಕೂ ನಿಮ್ಮ ಸಹಿ ಇರಲಿ. ಪತ್ರದಲ್ಲಿ ಪತ್ರಾಂಕಿತ ಅಧಿಕಾರಿಯ ದೃಢೀಕರಣ ಕೇಳಿದ್ದರೆ ಅದನ್ನು ಹಿಂದಿನ ದಿನವೇ ಮುಗಿಸಿಕೊಳ್ಳಿ. ನೋಂದಣಿ ಸಂಖ್ಯೆ ಮಸುಕಾಗಿದ್ದರೆ ಜೆರಾಕ್ಸ್ ಮತ್ತೆ ತೆಗೆಸಿ. ಅಂಕಪಟ್ಟಿಯ ನೈಜತೆ ಕೇಳಿ ಮಂಡಳಿಗೆ, ವಿಶ್ವವಿದ್ಯಾಲಯಕ್ಕೆ ಹೋಗುವುದು ಅದೇ ಪ್ರತಿ.

ರಾಜ್ಯ ಸರ್ಕಾರಿ ಕಚೇರಿಯ ಸಮಯ ಬೆಳಿಗ್ಗೆ 10ರಿಂದ ಸಂಜೆ 5.30. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಕೆಲಸ ಇರುತ್ತದೆ. ನಿಮ್ಮ ಪತ್ರದಲ್ಲಿ ಕಾಣಿಸಿದ ವೇಳೆಯೇ ಅಂತಿಮ, ಆದರೂ ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರುವುದು ಮೇಲು. ಊಟದ ಹೊತ್ತಿಗೆ ಮೊದಲು ಕಾಗದದಲ್ಲಿ ಕೊರತೆ ಕಂಡರೆ, ಅದನ್ನು ತರಿಸಿಕೊಳ್ಳಲು ಮಧ್ಯಾಹ್ನವಿಡೀ ಸಿಗುತ್ತದೆ. ನಾಲ್ಕರ ಮೇಲೆ ಕಂಡರೆ ಮರುದಿನವೇ.

ಮೂಲ ದಾಖಲೆಗಳನ್ನು ನೋಡಿ ಸಾಮಾನ್ಯವಾಗಿ ಅಲ್ಲೇ ಹಿಂತಿರುಗಿಸುತ್ತಾರೆ. ಯಾವುದನ್ನಾದರೂ ಇಟ್ಟುಕೊಂಡರೆ ಸ್ವೀಕೃತಿ ಬರೆಸಿಕೊಳ್ಳಿ. ಇದಾದ ಮೇಲೂ ಜಾತಿ ಸಿಂಧುತ್ವ, ಪೊಲೀಸ್ ವರದಿ, ವೈದ್ಯಕೀಯ ಪ್ರಮಾಣಪತ್ರಗಳ ಕೆಲಸ ಉಳಿದಿರುತ್ತದೆ. ಸಿಂಧುತ್ವಕ್ಕೆ ತಂದೆ ಅಥವಾ ಅಣ್ಣ–ತಮ್ಮಂದಿರ ಶಾಲಾ ದಾಖಲೆ ಕೇಳುವುದುಂಟು, ಈಗಲೇ ಹುಡುಕಿಟ್ಟುಕೊಳ್ಳಿ.